ಅಗ್ರಿಮೆಂಟಿನಲ್ಲಿ ಬರೆಯದ ಮೂರನೇ ಅಂಕಿ

ಹದಿನೆಂಟು ಪುಟದ ಇಂಗ್ಲಿಷ್ ಕರಡನ್ನು ನನ್ನ ಮೇಜಿನ ಮೇಲಿಟ್ಟು ಬೇಕರಿಯವರು ಹೇಳಿದ್ದು ಇಷ್ಟು: “ಮೇಡಂ, ಬಾಡಿಗೆ 40 ಸಾವಿರ, ಅಡ್ವಾನ್ಸ್ 4 ಲಕ್ಷ. ಅದೆರಡು ಸರಿಯಾಗಿ ಬರೆದಿದ್ದಾರಾ ನೋಡಿಬಿಡಿ. ಮಿಕ್ಕಿದ್ದೆಲ್ಲ ಮಾಮೂಲಿ ಅಂದ್ರು ಓನರ್.”

ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದು ಅಣ್ಣನ ಬೇಕರಿಯಲ್ಲಿ ಹದಿನೈದು ವರ್ಷ ದುಡಿದವರು. ಈಗ ಸ್ವಂತಕ್ಕೆ ಒಂದು ಅಂಗಡಿ. ಬಸ್ ಸ್ಟಾಪಿಗೆ ಹತ್ತಿರ, 450 ಚದರಡಿ, ಮುಂದೆ ನಾಲ್ಕು ಬೈಕು ನಿಲ್ಲಿಸುವಷ್ಟು ಜಾಗ. ಓವನ್ನು, ಗಾಜಿನ ಶೋಕೇಸು, ಹಿಟ್ಟು ಕಲಸುವ ಮಿಷನ್ನಿಗೆ ತ್ರೀ ಫೇಸ್ ಕರೆಂಟು, ಎಲ್ಲ ಸೇರಿ 6 ಲಕ್ಷ ಹಾಕಲು ಹೊರಟಿದ್ದರು.

ಬಾಡಿಗೆ, ಅಡ್ವಾನ್ಸ್ ಎರಡೂ ಸರಿಯಾಗಿಯೇ ಬರೆದಿದ್ದವು. ಆದರೆ ಆ ಕರಡಿನೊಳಗೆ ಮೂರನೆಯದೊಂದು ಅಂಕಿ ಇತ್ತು. ಅದನ್ನು ಯಾವ ಪುಟದಲ್ಲೂ ಬರೆದಿರಲಿಲ್ಲ. ಮೂರು ಬೇರೆ ಬೇರೆ ಕಲಮುಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರೆ ಮಾತ್ರ ಅದು ಕಾಣುತ್ತಿತ್ತು. ವ್ಯಾಪಾರ ಕೈಹಿಡಿಯದೆ ಹದಿನಾಲ್ಕು ತಿಂಗಳಿಗೆ ಶಟರ್ ಎಳೆದು ಹೋಗಬೇಕಾದರೆ ಇವರ ಕೈಯಿಂದ ಎಷ್ಟು ಹೋಗುತ್ತದೆ ಎನ್ನುವ ಅಂಕಿ ಅದು. ಲೆಕ್ಕ ಹಾಕಿ ಹೇಳಿದೆ: ಕೊಟ್ಟ 4 ಲಕ್ಷ ಅಡ್ವಾನ್ಸ್ ವಾಪಸು ಬರುವುದಿಲ್ಲ, ಅದರ ಮೇಲೆ ಇನ್ನೂ 5,49,200 ರೂಪಾಯಿ ಕೊಡಿ ಎಂದು ಓನರ್ ಕೇಳಬಹುದು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಂಗಡಿ ಖಾಲಿ ಮಾಡಿಕೊಟ್ಟ ಮೇಲೂ ಬಾಡಿಗೆನಾ?” ಎಂದರು.

ಅಂಗಡಿ ಬಾಡಿಗೆಗೆ ಹಿಡಿಯುವ ಯಾರೇ ಆದರೂ ಸಹಿ ಹಾಕುವ ಮೊದಲು ಈ ಮೂರನೇ ಅಂಕಿಯನ್ನು ತಿಳಿದಿರಬೇಕು. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಇದೇ ಬೇಕರಿಯ ಕರಡನ್ನು ಇಟ್ಟುಕೊಂಡು ನೋಡೋಣ.

ಮೊದಲು ಒಂದು ಪೆನ್ಸಿಲ್

ಅವರ ಕೈಗೆ ಪೆನ್ಸಿಲ್ ಕೊಟ್ಟು ಒಂದು ಕೆಲಸ ಹೇಳಿದೆ. ‘ಲೆಸ್ಸರ್’ ಎಂದಿರುವ ಕಡೆಯೆಲ್ಲ ಮೇಲೆ ‘ಮಾಲೀಕ’ ಎಂದು, ‘ಲೆಸ್ಸೀ’ ಎಂದಿರುವ ಕಡೆಯೆಲ್ಲ ‘ನಾನು’ ಎಂದು ಕನ್ನಡದಲ್ಲಿ ಬರೆಯಿರಿ. ಓದುವಾಗ ಈ ಎರಡು ಪದಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕೊನೆಯ ಒಂದೆರಡು ಅಕ್ಷರ ತಪ್ಪಿದರೆ ಹಕ್ಕು ಯಾರದು, ಹೊಣೆ ಯಾರದು ಎನ್ನುವುದೇ ಅದಲುಬದಲು.

ಬರೆದು ಮುಗಿಸುವಷ್ಟರಲ್ಲಿ ಅವರಿಗೇ ಒಂದು ವಿಷಯ ಹೊಳೆಯಿತು. “ಕೊಡಬೇಕು, ಮಾಡಬೇಕು ಅನ್ನೋ ಕಡೆಯೆಲ್ಲ ನಾನೇ ಇದೀನಿ. ಬಿಡಿಸಬಹುದು ಅನ್ನೋ ಕಡೆ ಮಾತ್ರ ಮಾಲೀಕರು ಇದಾರೆ.” ಕರಡು ಬರೆಸುವುದು ಓನರ್ ಕಡೆಯವರು, ಹಾಗಾಗಿ ಇದರಲ್ಲಿ ಆಶ್ಚರ್ಯವೇನಿಲ್ಲ. ಕರಡು ಎಂದರೆ ಓನರು ಮೊದಲು ಕೇಳಿದ ಬೆಲೆ ಇದ್ದ ಹಾಗೆ. ಚೌಕಾಸಿಗೆ ಇನ್ನೂ ಜಾಗ ಇರುತ್ತದೆ.

“ಬಾಡಿಗೆದಾರರಿಗೆ ಅಂತಲೇ ಕಾಯ್ದೆ ಇದೆಯಲ್ಲ ಮೇಡಂ?” ಎಂದು ಕೇಳಿದರು. ಇದೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಮಳಿಗೆಗಳ ಪೈಕಿ 14 ಚದರ ಮೀಟರಿನ ಒಳಗಿನವಕ್ಕಷ್ಟೇ ಸಂಬಂಧಿಸಿದ್ದು. ಅಂದರೆ ಸುಮಾರು 150 ಚದರಡಿ, ಒಂದು ಬೀಡಾ ಅಂಗಡಿಯೋ ಸಣ್ಣ ಟೈಲರ್ ಅಂಗಡಿಯೋ ಆಗುವಷ್ಟು ಜಾಗ. 450 ಚದರಡಿಯ ಬೇಕರಿ ಅದರ ನೆರಳಿಗೆ ಬರುವುದಿಲ್ಲ. ಇವರಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, 1872ರ ಕರಾರು ಕಾಯ್ದೆ, ಮತ್ತು ಮುಖ್ಯವಾಗಿ ಈ ಹದಿನೆಂಟು ಪುಟ. ಕಾಗದದಲ್ಲಿ ಏನು ಬರೆದಿದೆಯೋ ಹೆಚ್ಚುಕಡಿಮೆ ಅದೇ ಕಾನೂನು.

ಲಾಕ್-ಇನ್: ಬೀಗ ಯಾರ ಕಡೆಯಿಂದ?

ಆರನೇ ಪುಟದಲ್ಲಿ ಆ ವಾಕ್ಯವಿತ್ತು. ‘ಲೆಸ್ಸೀ ಶಲ್ ನಾಟ್ ಬಿ ಎಂಟೈಟಲ್ಡ್ ಟು ಟರ್ಮಿನೇಟ್ ದಿಸ್ ಲೀಸ್ ಫಾರ್ ಎನಿ ರೀಸನ್ ವಾಟ್ಸೋಎವರ್ ಡ್ಯೂರಿಂಗ್ ದ ಲಾಕ್-ಇನ್ ಪೀರಿಯಡ್.’ ಕನ್ನಡದಲ್ಲಿ ಹೇಳುವುದಾದರೆ, ಲಾಕ್-ಇನ್ ಅವಧಿಯಲ್ಲಿ ಯಾವ ಕಾರಣ ಬಂದರೂ ಸರಿಯೇ, ಬಾಡಿಗೆದಾರ ಬಿಟ್ಟು ಹೋಗುವ ಹಾಗಿಲ್ಲ. ಒಟ್ಟು ಅವಧಿ 9 ವರ್ಷ. ಅದರಲ್ಲಿ ಮೊದಲ 36 ತಿಂಗಳು ಲಾಕ್-ಇನ್. ಮಧ್ಯೆ ಬಿಟ್ಟರೆ ಉಳಿದ ಲಾಕ್-ಇನ್ ತಿಂಗಳುಗಳ ಪೂರ್ತಿ ಬಾಡಿಗೆ ಕೊಡಬೇಕು ಎಂದು ಮುಂದಿನ ಸಾಲು ಹೇಳುತ್ತಿತ್ತು.

ಬಿಟ್ಟರೆ ಜೈಲು ಎಂದೇನೂ ಇದರ ಅರ್ಥವಲ್ಲ. ಬಿಡಬಹುದು, ಬೆಲೆ ತೆರಬೇಕು, ಅಷ್ಟೇ. ಓನರ್ ಕಡೆಗೂ ನ್ಯಾಯವಿದೆ. ಒಬ್ಬರು ಬಂದು ಗೋಡೆ ಒಡೆದು, ಒಲೆ ಕಟ್ಟಿ, ಐದೇ ತಿಂಗಳಿಗೆ ಎದ್ದು ಹೋದರೆ ಮತ್ತೊಬ್ಬರು ಸಿಗುವ ತನಕ ಅಂಗಡಿ ಖಾಲಿ ಬೀಳುತ್ತದೆ. ಅದಕ್ಕೆ ಸ್ವಲ್ಪ ಭದ್ರತೆ ಬೇಕು ಎನ್ನುವುದು ತಪ್ಪಲ್ಲ.

ತಪ್ಪಿದ್ದದ್ದು ಹನ್ನೊಂದನೇ ಪುಟದಲ್ಲಿ. ಅಲ್ಲಿ ಬೇರೊಂದು ಕಲಮಿನ ಅಡಿಯಲ್ಲಿ, ಮೂರು ತಿಂಗಳ ನೋಟಿಸ್ ಕೊಟ್ಟು ಮಾಲೀಕರು ಯಾವಾಗ ಬೇಕಾದರೂ ಲೀಸ್ ಮುಗಿಸಬಹುದು ಎಂದಿತ್ತು. ಅಂದರೆ ಬಾಡಿಗೆದಾರನಿಗೆ 36 ತಿಂಗಳ ಬೀಗ, ಮಾಲೀಕರಿಗೆ ಬೀಗವೇ ಇಲ್ಲ. ಇವರು 6 ಲಕ್ಷ ಹಾಕಿ ಓವನ್ ಕೂರಿಸಿ ಗಿರಾಕಿ ಕುದುರಿಸಿದ ಮೇಲೆ, ಪಕ್ಕದ ಯಾರೋ 60 ಸಾವಿರ ಕೊಡುತ್ತೇನೆ ಎಂದರೆ ಮೂರೇ ತಿಂಗಳಲ್ಲಿ ಇವರು ಹೊರಗೆ. ಲಾಕ್-ಇನ್ ಎಂಬ ಪದ ಓದಿ ‘ಮೂರು ವರ್ಷ ನನ್ನನ್ನು ಯಾರೂ ಏಳಿಸುವ ಹಾಗಿಲ್ಲ’ ಎಂದುಕೊಂಡಿರುವ ಅಂಗಡಿಯವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಲಾಕ್-ಇನ್ ಕಲಮಿನಲ್ಲಿ ‘ಐದರ್ ಪಾರ್ಟಿ’ ಅಥವಾ ‘ನೈದರ್ ಪಾರ್ಟಿ’ ಎಂದಿದ್ದರೆ ಮಾತ್ರ ಬೀಗ ಎರಡು ಕಡೆಗೂ. ಬರೀ ‘ಲೆಸ್ಸೀ’ ಎಂದಿದ್ದರೆ ಒಂದೇ ಕಡೆಗೆ.

ಇನ್ನೊಂದು ಆಸೆ ಹಲವರಿಗಿರುತ್ತದೆ. “ನಾನಾಗಿ ಬಿಡುವ ಹಾಗಿಲ್ಲ ತಾನೆ? ಎರಡು ತಿಂಗಳು ಬಾಡಿಗೆ ಕಟ್ಟದೆ ಸುಮ್ಮನಿದ್ದರೆ ಓನರೇ ಬಿಡಿಸುತ್ತಾರೆ.” ಈ ದಾರಿಯನ್ನೂ ಕರಡು ಮುಚ್ಚಿತ್ತು. ಬಾಡಿಗೆ ಬಾಕಿಯ ಕಾರಣಕ್ಕೆ ಮಾಲೀಕರು ಲೀಸ್ ರದ್ದು ಮಾಡಿದರೂ ಉಳಿದ ಲಾಕ್-ಇನ್ ಬಾಡಿಗೆ ಬಾಡಿಗೆದಾರನ ತಲೆಯ ಮೇಲೆಯೇ ಎಂದು ಬರೆದಿತ್ತು.

ಬೇಕರಿಯವರ ನಿಜವಾದ ಹೆದರಿಕೆ ಬೇರೆಯದೇ ಆಗಿತ್ತು. ಅವರ ಭಾವನ ಅಂಗಡಿ ಮುಂದೆ ವೈಟ್ ಟಾಪಿಂಗ್ ಕೆಲಸವೆಂದು ರಸ್ತೆ ಅಗೆದು ತಿಂಗಳುಗಟ್ಟಲೆ ಬಿಟ್ಟಿದ್ದರಂತೆ. ಗಿರಾಕಿಗಳು ಆ ಕಡೆ ಬರುವುದನ್ನೇ ಬಿಟ್ಟರು. “ಹಾಗಾದ್ರೆ ಕಾನೂನು ಬಿಡಿಸಲ್ವಾ?” ಬಹುಮಟ್ಟಿಗೆ ಬಿಡಿಸುವುದಿಲ್ಲ. ಬಾಡಿಗೆಗೆ ಪಡೆದ ಜಾಗ ಇರುವ ತನಕ, ವ್ಯಾಪಾರ ಕೆಟ್ಟಿತೆಂಬ ಕಾರಣಕ್ಕೆ ಲೀಸ್ ತಾನಾಗಿ ಮುರಿದುಬೀಳುವುದಿಲ್ಲ ಎಂಬುದು ನಮ್ಮ ನ್ಯಾಯಾಲಯಗಳ ಹಳೆಯ ನಿಲುವು. ಕೊರೊನಾ ಲಾಕ್‌ಡೌನಿನಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಒಬ್ಬ ಬಾಡಿಗೆದಾರರು ಅಂಗಡಿ ಮುಚ್ಚಿದ್ದ ಕಾಲದ ಬಾಡಿಗೆಗೆ ತಡೆ ಕೇಳಿದರು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಅಂಥ ರಿಯಾಯಿತಿ ಇದೆಯೇ ಇಲ್ಲವೇ ಎಂದು ಮೊದಲು ಕರಾರಿನಲ್ಲೇ ನೋಡಬೇಕು ಎಂದಿತು. ಆದ್ದರಿಂದ ‘ಸರ್ಕಾರಿ ಕಾಮಗಾರಿಯಿಂದ ಅಂಗಡಿಗೆ ದಾರಿ ಇಷ್ಟು ದಿನಕ್ಕಿಂತ ಹೆಚ್ಚು ಮುಚ್ಚಿದರೆ ಲಾಕ್-ಇನ್ ಹಣ ಕೊಡದೆ ಬಿಡಬಹುದು’ ಎನ್ನುವ ಸಾಲು ಬೇಕಿದ್ದರೆ ಸಹಿಗೆ ಮೊದಲೇ ಹಾಕಿಸಿಕೊಳ್ಳಬೇಕು. ರಸ್ತೆ ಅಗೆದ ಮೇಲೆ ಕೇಳಿದರೆ ಓನರಿನ ಔದಾರ್ಯವೇ ಗತಿ.

ಲಾಕ್-ಇನ್ನಿನ ಕೊನೆಯಲ್ಲೂ ಒಂದು ಗಂಟು ಇತ್ತು. 36 ತಿಂಗಳು ಮುಗಿದ ‘ನಂತರ’ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂದು ಬರೆದಿತ್ತು. ಹಾಗೆ ಬರೆದರೆ ನೋಟಿಸನ್ನೇ 37ನೇ ತಿಂಗಳಲ್ಲಿ ಕೊಡಬೇಕು ಎಂದು ವಾದಿಸಲು ದಾರಿಯಾಗುತ್ತದೆ, ಲಾಕ್-ಇನ್ ನಿಜಕ್ಕೂ 39 ತಿಂಗಳಾಗುತ್ತದೆ. ಲಾಕ್-ಇನ್ ಮುಗಿಯುವ ದಿನಕ್ಕೇ ನೋಟಿಸ್ ಅವಧಿಯೂ ಮುಗಿಯುವಂತೆ ಮುಂಚಿತವಾಗಿ ನೋಟಿಸ್ ಕೊಡಬಹುದು ಎಂದು ಒಂದು ಸಾಲು ಸೇರಿಸಿದರೆ ಈ ಮೂರು ತಿಂಗಳು ಉಳಿಯುತ್ತದೆ. ಇವರ ಕರಡಿನ ಪ್ರಕಾರ ನಾಲ್ಕನೇ ವರ್ಷದ ಬಾಡಿಗೆ 46,305. ಮೂರು ತಿಂಗಳಿಗೆ 1,38,915 ರೂಪಾಯಿ. ಒಂದು ಸಾಲಿನ ಬೆಲೆ ಅದು.

ಬಾಡಿಗೆ ಏರಿಕೆ: ವರ್ಷಕ್ಕೆ ಐದು, ಮೂರು ವರ್ಷಕ್ಕೆ ಹದಿನೈದು

“ವರ್ಷಕ್ಕೆ ಶೇಕಡಾ 5 ಏರಿಸ್ತಾರೆ. ಮೂರು ವರ್ಷಕ್ಕೊಂದು ಸಲ 15 ಅಂತ ಬೇಕಾದ್ರೂ ಮಾಡ್ಕೋ ಅಂದ್ರು. ಎರಡೂ ಒಂದೇ ಅಲ್ವಾ?” ಎಂದರು ಬೇಕರಿಯವರು. ಐದು ಮೂರಲಿ ಹದಿನೈದು, ಮಗ್ಗಿಯ ಲೆಕ್ಕದಲ್ಲಿ ಒಂದೇ. ಕೈಯಿಂದ ಹೋಗುವ ದುಡ್ಡಿನ ಲೆಕ್ಕದಲ್ಲಿ ಒಂದೇ ಅಲ್ಲ.

ಕ್ಯಾಲ್ಕುಲೇಟರ್ ಅವರ ಕೈಗೇ ಕೊಟ್ಟೆ. ವರ್ಷಕ್ಕೆ ಶೇಕಡಾ 5 ಎಂದರೆ ಎರಡನೇ ವರ್ಷ 42,000, ಮೂರನೇ ವರ್ಷ 44,100, ನಾಲ್ಕನೇ ವರ್ಷ 46,305. ಹೀಗೆ ಹತ್ತುತ್ತಾ ಹೋಗಿ ಒಂಬತ್ತನೇ ವರ್ಷಕ್ಕೆ ತಿಂಗಳಿಗೆ ಸುಮಾರು 59,100 ಆಗುತ್ತದೆ. ಮೂರು ವರ್ಷಕ್ಕೊಮ್ಮೆ 15 ಎಂದರೆ ಮೊದಲ ಮೂರು ವರ್ಷ 40,000, ಮುಂದಿನ ಮೂರು ವರ್ಷ 46,000, ಕೊನೆಯ ಮೂರು ವರ್ಷ 52,900. ಒಂಬತ್ತು ವರ್ಷದ ಬಾಡಿಗೆಯನ್ನೆಲ್ಲ ಕೂಡಿದರೆ ಮೊದಲನೆಯದರಲ್ಲಿ ಸುಮಾರು 52 ಲಕ್ಷ 93 ಸಾವಿರ, ಎರಡನೆಯದರಲ್ಲಿ 50 ಲಕ್ಷ 400. ವ್ಯತ್ಯಾಸ 2 ಲಕ್ಷ 92 ಸಾವಿರಕ್ಕೂ ಹೆಚ್ಚು.

ಏಕೆಂದರೆ ವರ್ಷ ವರ್ಷ ಏರುವ ಬಾಡಿಗೆ ಬಡ್ಡಿಗೆ ಬಡ್ಡಿ ಬೆಳೆದಂತೆ ಬೆಳೆಯುತ್ತದೆ, ಅದೂ ಮೊದಲನೇ ವರ್ಷ ಮುಗಿಯುತ್ತಿದ್ದಂತೆಯೇ. ಹೊಸ ಅಂಗಡಿಗೆ ಮೊದಲ ಮೂರು ವರ್ಷವೇ ಕಷ್ಟದ ಕಾಲ. ಆಗ ಬಾಡಿಗೆ ನಿಂತಲ್ಲೇ ನಿಂತಿದ್ದರೆ ಉಸಿರಾಡಲು ಜಾಗ ಸಿಗುತ್ತದೆ.

ಕಲಮಿನಲ್ಲಿ ಹುಡುಕಬೇಕಾದ ಪದ ‘ಲಾಸ್ಟ್ ಪೇಯ್ಡ್ ರೆಂಟ್’. ಕೊನೆಗೆ ಕೊಟ್ಟ ಬಾಡಿಗೆಯ ಮೇಲೆ ಶೇಕಡಾ 5 ಎಂದು ಇದರರ್ಥ. ಆಗ ಮೇಲೆ ಹೇಳಿದ ಹಾಗೆ ಏರುತ್ತದೆ. ‘ಬೇಸ್ ರೆಂಟ್’ ಅಥವಾ ‘ಇನಿಷಿಯಲ್ ರೆಂಟ್’ ಎಂದಿದ್ದರೆ ಪ್ರತಿ ವರ್ಷವೂ ಮೊದಲಿನ 40,000ದ ಮೇಲಿನ 5, ಅಂದರೆ ವರ್ಷಕ್ಕೆ ಬರೀ 2,000 ಸೇರುತ್ತದೆ. ಒಂಬತ್ತನೇ ವರ್ಷ 56,000ಕ್ಕೆ ನಿಲ್ಲುತ್ತದೆ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಆರ್ ಪ್ರಿವೇಲಿಂಗ್ ಮಾರ್ಕೆಟ್ ರೆಂಟ್, ವಿಚೆವರ್ ಈಸ್ ಹೈಯರ್’ ಎಂಬ ಬಾಲಕ್ಕೆ. ಶೇಕಡಾ 5 ಅಥವಾ ಆಗಿನ ಮಾರುಕಟ್ಟೆ ಬಾಡಿಗೆ, ಯಾವುದು ಹೆಚ್ಚೋ ಅದು. ಈ ಬಾಲ ಇದ್ದರೆ ಮುಂದಿನ ವರ್ಷದ ಬಾಡಿಗೆ ಎಷ್ಟು ಎಂದು ಇವತ್ತು ಯಾರಿಂದಲೂ ಹೇಳಲಾಗದು. ಮಾರುಕಟ್ಟೆ ಬಾಡಿಗೆ ಎಷ್ಟೆಂದು ಯಾರು ತೀರ್ಮಾನಿಸಬೇಕು ಎಂಬುದನ್ನೂ ಇಂಥ ಕಲಮುಗಳು ಹೆಚ್ಚಾಗಿ ಹೇಳುವುದಿಲ್ಲ. ಇದಕ್ಕೆ ಸುಲಭದ ಮದ್ದು ಒಂದೇ. ಶೇಕಡಾವಾರು ಜೊತೆಗೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಿಂಗಳಿಗೆ ಎಷ್ಟು ರೂಪಾಯಿ ಎಂದು ಕರಾರಿನ ಕೊನೆಯ ಪುಟದಲ್ಲಿ ಪಟ್ಟಿ ಹಾಕಿಸಿ. ಪಟ್ಟಿ ಇದ್ದರೆ ಪದಗಳ ಜಗಳ ಇರುವುದಿಲ್ಲ.

ತಾರೀಖಿನದೂ ಒಂದು ಆಟ ಇದೆ. ಒಳಗಿನ ಕೆಲಸ ಮಾಡಿಸಿಕೊಳ್ಳಲಿ ಎಂದು ಮೊದಲ ಒಂದೆರಡು ತಿಂಗಳು ಬಾಡಿಗೆ ಬಿಡುತ್ತಾರಲ್ಲ, ಆಗ ಲೀಸ್ ಶುರುವಾಗುವ ದಿನ ಒಂದು, ಬಾಡಿಗೆ ಶುರುವಾಗುವ ದಿನ ಇನ್ನೊಂದು. ಕೆಲವು ಕರಡುಗಳಲ್ಲಿ ಲಾಕ್-ಇನ್ನನ್ನು ಬಾಡಿಗೆ ಶುರುವಾದ ದಿನದಿಂದ ಎಣಿಸಿ, ಏರಿಕೆಯನ್ನು ಲೀಸ್ ಶುರುವಾದ ದಿನದಿಂದ ಎಣಿಸಿರುತ್ತಾರೆ. ಬೀಗ ತಡವಾಗಿ ಬಿಚ್ಚುತ್ತದೆ, ಏರಿಕೆ ಬೇಗ ಬರುತ್ತದೆ. ಇವರ ಕರಡಿನಲ್ಲಿ ಎರಡಕ್ಕೂ ಒಂದೇ ತಾರೀಖು ಇತ್ತು, ಅಷ್ಟು ಪುಣ್ಯ.

ಆ 5,49,200 ಬಂದದ್ದು ಹೇಗೆ

ಈಗ ಮೂರನೇ ಅಂಕಿಗೆ ಬರೋಣ. ಹದಿನಾಲ್ಕನೇ ತಿಂಗಳ ಕೊನೆಗೆ ಬಿಟ್ಟರೆ 36ರಲ್ಲಿ 22 ತಿಂಗಳು ಉಳಿಯುತ್ತದೆ. ಬಹಳಷ್ಟು ಜನ 40,000ವನ್ನು 22ರಿಂದ ಗುಣಿಸಿ 8,80,000 ಎನ್ನುತ್ತಾರೆ. ಆದರೆ ಬಾಡಿಗೆ ಅಷ್ಟರಲ್ಲಿ ಏರಿರುತ್ತದೆ. 15ರಿಂದ 24ನೇ ತಿಂಗಳವರೆಗಿನ 10 ತಿಂಗಳಿಗೆ 42,000ದಂತೆ 4,20,000. 25ರಿಂದ 36ರವರೆಗಿನ 12 ತಿಂಗಳಿಗೆ 44,100ರಂತೆ 5,29,200. ಒಟ್ಟು 9,49,200. ಅಡ್ವಾನ್ಸ್ 4 ಲಕ್ಷ ಕಳೆದರೆ 5,49,200. ಏರಿಕೆಯ ಕಲಮು ಬಿಟ್ಟು ಹೋಗುವ ಬೆಲೆಯನ್ನೂ ಏರಿಸಿತು, ನೋಡಿ. ಬರೀ ಅದರಿಂದ ಸೇರಿದ್ದು 69,200.

ಕೋರ್ಟಿಗೆ ಹೋದರೆ ಓನರಿಗೆ ಇದಷ್ಟೂ ಸಿಗುತ್ತದೆಯೇ? ಹಾಗೇನಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ಹಣ ಎಂದು ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನು, ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಮುಂಗಡವಾಗಿ ಕೊಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೂ ನಷ್ಟ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧದ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ನೀವು ಬಿಟ್ಟ ಮೂರೇ ತಿಂಗಳಿಗೆ ಅಂಗಡಿಗೆ ಅಷ್ಟೇ ಬಾಡಿಗೆಗೆ ಬೇರೆಯವರು ಬಂದಿದ್ದರೆ, 22 ತಿಂಗಳ ಬಾಡಿಗೆ ನಷ್ಟವಾಯಿತು ಎಂದು ಓನರ್ ಹೇಳುವುದು ಕಷ್ಟ.

ಇಷ್ಟು ಕೇಳಿ ಬೇಕರಿಯವರ ಮುಖ ಸ್ವಲ್ಪ ಅರಳಿತು. ಆದರೆ ಆ ವಾದ ಮಾಡಲು ಕೋರ್ಟಿಗೆ ಹೋಗಬೇಕಾದವರು ಯಾರು? 4 ಲಕ್ಷ ಆಗಲೇ ಓನರ್ ಕೈಯಲ್ಲಿದೆ. ಅವರು ಸುಮ್ಮನೆ ಕೂತರೆ ಸಾಕು. ವಕೀಲರನ್ನು ಹಿಡಿದು ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಾದವರು ನೀವು. ಕಾನೂನು ನಿಮ್ಮ ಪರ ಇದ್ದರೂ ದುಡ್ಡು ಅವರ ಹತ್ತಿರ ಇರುತ್ತದೆ. ಅಡ್ವಾನ್ಸಿನ ಕಲಮನ್ನು ಲಾಕ್-ಇನ್ನಿನ ಜೊತೆಗಿಟ್ಟೇ ಓದಬೇಕು ಎನ್ನುವುದು ಇದಕ್ಕೇ.

ಅಡ್ವಾನ್ಸ್: ಕೀಲಿ ಕೊಡುವ ದಿನದ ಪ್ರಶ್ನೆ

ಕರಡಿನಲ್ಲಿ ಅಡ್ವಾನ್ಸ್ ಎಂಬ ಪದವೇ ಇರುವುದಿಲ್ಲ. ಅಲ್ಲಿ ಅದು ‘ಇಂಟ್ರೆಸ್ಟ್ ಫ್ರೀ ರಿಫಂಡಬಲ್ ಸೆಕ್ಯುರಿಟಿ ಡಿಪಾಜಿಟ್’, ಅಂದರೆ ಬಡ್ಡಿಯಿಲ್ಲದ, ವಾಪಸು ಕೊಡಬೇಕಾದ ಭದ್ರತಾ ಠೇವಣಿ. ಹೆಸರಿನ ಈ ವ್ಯತ್ಯಾಸಕ್ಕೆ ಅರ್ಥವಿದೆ. ಅಡ್ವಾನ್ಸ್ ಎಂದರೆ ನಮ್ಮ ಬಾಯಲ್ಲಿ ಮುಂಗಡ, ಹಾಗಾಗಿ ಕೊನೆಯ ಕೆಲವು ತಿಂಗಳ ಬಾಡಿಗೆಯನ್ನು ಅದರಲ್ಲೇ ಮುರಿದುಕೊಳ್ಳಿ ಎನ್ನುವುದು ನಮ್ಮ ರೂಢಿ. ಕರಡು ಅದನ್ನು ಸ್ಪಷ್ಟವಾಗಿ ತಡೆದಿತ್ತು. ಠೇವಣಿಯನ್ನು ಬಾಡಿಗೆಗೆ ವಜಾ ಹಾಕಿಕೊಳ್ಳಲು ಬಾಡಿಗೆದಾರನಿಗೆ ಹಕ್ಕಿಲ್ಲ. ಹಾಗೆ ಮಾಡಿ ಎರಡು ತಿಂಗಳು ಕಟ್ಟದಿದ್ದರೆ ಅದು ಬಾಕಿ, ಬಾಕಿ ಎಂದರೆ ಕರಾರು ಮುರಿದ ಹಾಗೆ.

ವಾಪಸು ಯಾವಾಗ? ‘ವಿದಿನ್ ಸಿಕ್ಸ್ಟಿ ಡೇಸ್ ಆಫ್ಟರ್ ಹ್ಯಾಂಡಿಂಗ್ ಓವರ್ ವೇಕಂಟ್ ಪೊಸೆಷನ್’ ಎಂದಿತ್ತು. ಅಂಗಡಿ ಖಾಲಿ ಮಾಡಿ ಕೀಲಿ ಒಪ್ಪಿಸಿದ 60 ದಿನದ ಒಳಗೆ. ಕೀಲಿ ಹೋದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗೆಂದು ದುಡ್ಡು ಬರುವ ತನಕ ಕೀಲಿ ಕೊಡುವುದಿಲ್ಲ ಎಂದು ಹಟ ಹಿಡಿದರೂ ಕಷ್ಟ. ಅವಧಿ ಮೀರಿ ಇದ್ದರೆ ಎರಡು ಪಟ್ಟು ಬಾಡಿಗೆ ಎಂದು ಇನ್ನೊಂದು ಕಲಮು ಹೇಳುತ್ತಿತ್ತು. ಅದಕ್ಕೆ ಕೇಳಬೇಕಾದದ್ದು ‘ಸೈಮಲ್ಟೇನಿಯಸ್‌ಲಿ’ ಎಂಬ ಒಂದು ಪದವನ್ನು: ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ಡಿಡಿ ಅಥವಾ ಖಾತೆಗೆ ಜಮೆ. ಜೊತೆಗೆ, ತಡವಾದರೆ ಇಷ್ಟು ಬಡ್ಡಿ, ಅಲ್ಲಿಯತನಕ ಬಾಡಿಗೆದಾರ ಬಾಡಿಗೆಯಿಲ್ಲದೆ ಕೀಲಿ ಇಟ್ಟುಕೊಳ್ಳಬಹುದು ಎನ್ನುವ ಸಾಲು.

ಏನೇನು ಮುರಿದುಕೊಳ್ಳಬಹುದು? ಬಾಕಿ ಬಾಡಿಗೆ, ಕರೆಂಟು ನೀರಿನ ಬಿಲ್ಲು, ಜಾಗಕ್ಕೆ ಆದ ಹಾನಿ. ಮೊದಲೆರಡಕ್ಕೆ ಬಿಲ್ಲಿರುತ್ತದೆ. ಜಗಳ ಬರುವುದು ಮೂರನೆಯದಕ್ಕೆ. ಅಲ್ಲಿ ‘ನಾರ್ಮಲ್ ವೇರ್ ಅಂಡ್ ಟೇರ್ ಎಕ್ಸೆಪ್ಟೆಡ್’ ಎಂದು ಇರಬೇಕು. ಬಳಸಿದ್ದರಿಂದ ಆಗುವ ಸಹಜ ಸವೆತವನ್ನು ಬಿಟ್ಟು ಎಂದು ಇದರ ಅರ್ಥ. ಬೇಕರಿಯ ಗೋಡೆಗೆ ಹೊಗೆ ಹಿಡಿದಿರುತ್ತದೆ, ನೆಲದಲ್ಲಿ ಓವನ್ ಕೂತ ಗುರುತು ಇರುತ್ತದೆ. ಅದು ಸವೆತವೋ ಹಾನಿಯೋ? ಇವರ ಕರಡಿನಲ್ಲಿ ಆ ಪದಗಳೇ ಇರಲಿಲ್ಲ. ಬದಲಿಗೆ, ಅಂಗಡಿಯನ್ನು ‘ಬೇರ್ ಶೆಲ್’ ಸ್ಥಿತಿಯಲ್ಲಿ, ಅಂದರೆ ಬರೀ ಗೋಡೆ ನೆಲದ ಸ್ಥಿತಿಯಲ್ಲಿ ವಾಪಸು ಕೊಡಬೇಕು ಎಂದಿತ್ತು. ಆದರೆ ಓನರ್ ಕೊಡುವಾಗಲೇ ಅಲ್ಲಿ ಹಳೆಯ ಟೈಲ್ಸು, ಫಾಲ್ಸ್ ಸೀಲಿಂಗು ಇದ್ದವು. ಹಿಂದಿನವರು ಹಾಕಿದ್ದನ್ನು ಕಿತ್ತುಕೊಡುವ ಖರ್ಚೂ ಇವರದೇ ಆಗುತ್ತಿತ್ತು. ಕೀಲಿ ತೆಗೆದುಕೊಳ್ಳುವ ದಿನ ಇಬ್ಬರೂ ನಿಂತು ಫೋಟೋ ತೆಗೆದು, ಅದನ್ನು ಪ್ರಿಂಟ್ ಹಾಕಿಸಿ ಇಬ್ಬರ ಸಹಿಯೊಡನೆ ಕರಾರಿಗೆ ಲಗತ್ತಿಸುವುದು ಮುಂದಿನ ಜಗಳಕ್ಕೆ ಈಗಲೇ ಸಾಕ್ಷಿ ಬರೆದಿಟ್ಟ ಹಾಗೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಧ್ಯೆ ಓನರ್ ಕಟ್ಟಡ ಮಾರಿದರೆ? ಕೊಂಡವರು ಲೀಸಿಗೆ ಬದ್ಧರಾಗಿಯೇ ಕೊಳ್ಳುತ್ತಾರೆ. ಆದರೆ ‘ನಿಮ್ಮ ಅಡ್ವಾನ್ಸ್ ನನ್ನ ಕೈಗೆ ಬಂದಿಲ್ಲ, ಹಳೆಯ ಓನರನ್ನೇ ಕೇಳಿ’ ಎಂಬ ಮಾತು ಆಗ ಹುಟ್ಟುತ್ತದೆ. ಮಾರಿದರೆ ಠೇವಣಿಯನ್ನು ಕೊಂಡವರಿಗೆ ವರ್ಗಾಯಿಸಬೇಕು, ಅವರಿಂದ ಒಪ್ಪಿಗೆ ಪತ್ರ ಕೊಡಿಸುವ ತನಕ ಹಳೆಯ ಮಾಲೀಕರೇ ಹೊಣೆ ಎಂದು ಬರೆಸಿಕೊಳ್ಳಬೇಕು.

ಹನ್ನೊಂದು ತಿಂಗಳ ಕಾಗದ

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. “ರಿಜಿಸ್ಟರ್ ಎಲ್ಲ ಯಾಕೆ, ಖರ್ಚು ಜಾಸ್ತಿ. 11 ತಿಂಗಳಿಗೆ ಸ್ಟಾಂಪ್ ಪೇಪರಲ್ಲಿ ಮಾಡಿ ನೋಟರಿ ಮಾಡ್ಸೋಣ, ಒಳಗೆ ಮೂರು ವರ್ಷ ಲಾಕ್-ಇನ್ ಅಂತ ಇರ್ಲಿ ಅಂತಿದ್ರು ಬ್ರೋಕರ್.”

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ನೋಂದಣಿ ಆಗಲೇಬೇಕು ಎನ್ನುತ್ತವೆ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮು ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಮು. ನೋಟರಿಯ ಮೊಹರು ನೋಂದಣಿಯಲ್ಲ. ಮೂರು ವರ್ಷದ ಲಾಕ್-ಇನ್ನನ್ನು ನೋಂದಣಿಯಾಗದ ಕಾಗದದಲ್ಲಿ ಬರೆದರೆ, ಆ ಅವಧಿಯನ್ನು ಕೋರ್ಟಿನಲ್ಲಿ ಜಾರಿ ಮಾಡಿಸುವುದು ಕಷ್ಟ. ಅಂಥ ಕಡೆ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ನೋಡುತ್ತವೆ, 15 ದಿನದ ನೋಟಿಸಿನಲ್ಲಿ ಯಾರು ಬೇಕಾದರೂ ಮುಗಿಸಬಹುದಾದ ಬಾಡಿಗೆ.

“ಹಾಗಾದ್ರೆ ನನಗೇ ಒಳ್ಳೇದಲ್ವಾ? ಲಾಕ್-ಇನ್ ಹಣ ಕೊಡಬೇಕಾಗಿಲ್ಲ” ಎಂದು ನಕ್ಕರು. ಬಿಟ್ಟು ಹೋಗುವ ದಿನ ಒಳ್ಳೆಯದೇ ಇರಬಹುದು. ಆದರೆ ಓವನ್ ಕೂರಿಸಿದ ಮರುತಿಂಗಳು ಓನರ್ 15 ದಿನದ ನೋಟಿಸ್ ಕೊಟ್ಟರೆ? ಕತ್ತಿಗೆ ಎರಡೂ ಕಡೆ ಅಲಗು. 6 ಲಕ್ಷ ಸುರಿಯುವವರಿಗೆ ನೋಂದಣಿಯ ಖರ್ಚು ದುಬಾರಿಯಲ್ಲ, ಅದು ಅವರ ಓವನ್ನಿಗೆ ಮಾಡಿಸಿದ ವಿಮೆ ಇದ್ದಂತೆ.

ಪೆನ್ಸಿಲ್ಲಿನ ಲೆಕ್ಕ

ಓನರ್ ಜೊತೆ ಮಾತಾಡಲು ಹೋಗುವಾಗ ಅವರು ಹದಿನೆಂಟು ಪುಟದ ಬದಲು ಒಂದು ಚೀಟಿ ಒಯ್ದರು. ಕೇಳಿದ್ದೆಲ್ಲ ಸಿಗಲಿಲ್ಲ. ಅಡ್ವಾನ್ಸನ್ನು ಆರು ತಿಂಗಳಿಗೆ ಇಳಿಸಿ ಎಂದದ್ದಕ್ಕೆ ಓನರ್ ಒಪ್ಪಲಿಲ್ಲ, ರಸ್ತೆ ಕಾಮಗಾರಿಯ ಸಾಲಿಗೂ ತಲೆ ಅಲ್ಲಾಡಿಸಿದರು. ಆದರೆ 10 ತಿಂಗಳ ಅಡ್ವಾನ್ಸ್ ಕೈಯಲ್ಲಿರುವಾಗ 36 ತಿಂಗಳ ಲಾಕ್-ಇನ್ ಯಾಕೆ ಎಂಬ ಪ್ರಶ್ನೆಗೆ ಅವರ ಬಳಿಯೂ ಉತ್ತರವಿರಲಿಲ್ಲ. ಬಾಡಿಗೆದಾರನ ಲಾಕ್-ಇನ್ 18 ತಿಂಗಳಿಗೆ ಇಳಿಯಿತು. ಮೊದಲ ಮೂರು ವರ್ಷ, ಬಾಡಿಗೆ ಬಾಕಿ ಇಲ್ಲದಿದ್ದರೆ ಮಾಲೀಕರೂ ಬಿಡಿಸುವ ಹಾಗಿಲ್ಲ ಎಂದಾಯಿತು. ಏರಿಕೆ ಮೂರು ವರ್ಷಕ್ಕೊಮ್ಮೆ 15. ಕೀಲಿ ಕೊಟ್ಟ ದಿನವೇ ಅಡ್ವಾನ್ಸ್ ವಾಪಸು.

ಅವತ್ತು ಸಂಜೆ ತಿದ್ದಿದ ಕರಡು ತಂದು, ನಾನು ಕೇಳುವ ಮೊದಲೇ ಹಿಂದಿನ ಖಾಲಿ ಪುಟ ತಿರುಗಿಸಿ ತೋರಿಸಿದರು. ಹದಿನಾಲ್ಕು ತಿಂಗಳಿಗೆ ಬಿಟ್ಟರೆ ಎಂದು ತಾವೇ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದ್ದರು. ಉಳಿಯುವುದು 4 ತಿಂಗಳು, 40,000ದಂತೆ 1,60,000. ಅಡ್ವಾನ್ಸ್ 4,00,000ದಲ್ಲಿ ಅದನ್ನು ಕಳೆದು ಕೆಳಗೆ ಎರಡು ಗೆರೆ ಎಳೆದಿದ್ದರು. ‘ವಾಪಸ್ ಬರೋದು 2,40,000.’

ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಹಳೆಯ ಅಂಕಿಯನ್ನೂ ಬರೆದು ಅಡ್ಡ ಗೆರೆ ಹೊಡೆದಿದ್ದರು. “ಮನೆಯವಳಿಗೆ ತೋರಿಸ್ಬೇಕು ಮೇಡಂ,” ಎಂದರು, “ಮಿಕ್ಕಿದ್ದೆಲ್ಲ ಮಾಮೂಲಿ ಅಂತ ನಾನೇ ಹೇಳಿದ್ದೆ ಅವಳಿಗೆ.”